ಜಗಲಿ ಉದ್ದ, ಜಮಖಾನ ಗಿಡ್ಡ: ಫೋನ್ ವಿಡಿಯೊದ ಕಪ್ಪು ಪಟ್ಟಿಯ ಲೆಕ್ಕ

ಸಕಲೇಶಪುರದ ನಮ್ಮ ಭಾವ ಹೊಸ ಫೋನ್ ತಗೊಂಡು ಒಂದು ವಾರ ಆಗಿರಲಿಲ್ಲ. ಭಾನುವಾರ ಹಾಸನಕ್ಕೆ ಬಂದವರು ಕಾಫಿ ಕುಡಿಯುವ ಮೊದಲೇ ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ನೋಡೋ ಇದನ್ನ. ಡಿಸ್‌ಪ್ಲೇನೇ ಹೋಗಿದೆ ಅನ್ಸುತ್ತೆ. ವಿಡಿಯೊ ಹಾಕಿದ್ರೆ ಎರಡೂ ಕಡೆ ಕಪ್ಪಗೆ ಕಾಣುತ್ತೆ."

ಹಿಂದಿನ ವಾರ ಅವರು ಮನೆಮಂದಿ ಜೊತೆ ಹಳೇಬೀಡು, ಶ್ರವಣಬೆಳಗೊಳ ಸುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಉದ್ದಕ್ಕೂ ನಡೆದುಕೊಂಡೇ ಒಂದು ವಿಡಿಯೊ ಮಾಡಿದ್ದರು. ಫೋನ್ ಅಡ್ಡ ಹಿಡಿದು, ಕೈ ಅಲುಗದ ಹಾಗೆ, ಚೆನ್ನಾಗಿಯೇ ತೆಗೆದಿದ್ದರು. ನೋಡುವಾಗಲೂ ಫೋನ್ ಅಡ್ಡವೇ ಹಿಡಿದಿದ್ದರು. ಆದರೂ ಎಡಕ್ಕೆ ಒಂದು ಬೆರಳಷ್ಟು, ಬಲಕ್ಕೆ ಒಂದು ಬೆರಳಷ್ಟು ಕಪ್ಪು.

ಫೋನ್ ಕೊಟ್ಟ ಅಂಗಡಿಯಲ್ಲಿ ಕೇಳಿದ್ದರಂತೆ. ಅಲ್ಲಿದ್ದ ಹುಡುಗ "ರೆಸಲ್ಯೂಶನ್ ಕಮ್ಮಿ ಇದೆ ಸಾರ್, 4ಕೆಗೆ ಹಾಕ್ಕೊಳ್ಳಿ, ಫುಲ್ ಬರುತ್ತೆ" ಅಂದನಂತೆ. ಭಾವ ಹಾಕಿಕೊಂಡರು. ನಾಲ್ಕು ದಿನದಲ್ಲಿ ಮೆಮೊರಿ ತುಂಬುತ್ತಾ ಬಂತು. ಪಟ್ಟಿ ಮಾತ್ರ ಕೂದಲೆಳೆಯಷ್ಟೂ ಕಮ್ಮಿ ಆಗಲಿಲ್ಲ.

ಆ ಹುಡುಗನನ್ನು ಬೈಯುವಂಥದ್ದೇನಿಲ್ಲ. ಈ ತಪ್ಪು ತುಂಬಾ ಜನ ಮಾಡುತ್ತಾರೆ. ರೆಸಲ್ಯೂಶನ್ ಮತ್ತು ಆಸ್ಪೆಕ್ಟ್ ರೇಶಿಯೊ ಎರಡನ್ನೂ ಅದೇ ಎರಡು ಸಂಖ್ಯೆಗಳಿಂದ ಲೆಕ್ಕ ಹಾಕುತ್ತಾರಲ್ಲ, ಅದಕ್ಕೇ ಎರಡೂ ಒಂದೇ ಅನ್ನಿಸಿಬಿಡುತ್ತದೆ.

ಭಾವನ ಫೋನಿನ ಪರದೆ 2400 × 1080. ಅಂದರೆ ಅಡ್ಡ ಹಿಡಿದರೆ ಉದ್ದಕ್ಕೆ 2400 ಚುಕ್ಕಿ, ಎತ್ತರಕ್ಕೆ 1080 ಚುಕ್ಕಿ. ಈ ಚುಕ್ಕಿಗಳೇ ಪಿಕ್ಸೆಲ್. ಅವರು ಮೊದಲು ತೆಗೆದ ವಿಡಿಯೊ 1920 × 1080. ಎತ್ತರಕ್ಕೆ ಎತ್ತರ ಸರಿಹೋಯಿತು. ಉದ್ದದಲ್ಲಿ 2400ರಲ್ಲಿ 1920 ಕಳೆದರೆ 480 ಉಳಿಯಿತು. ಅದನ್ನು ಫೋನ್ ಸಮ ಮಾಡಿ ಎಡಕ್ಕೆ 240, ಬಲಕ್ಕೆ 240 ಬಿಟ್ಟಿತು. ಆ 240 ಚುಕ್ಕಿಗಳ ಅಗಲವೇ ಭಾವ ತೋರಿಸಿದ ಬೆರಳಷ್ಟು ಕಪ್ಪು.

ಈಗ 4ಕೆ ನೋಡೋಣ. 4ಕೆ ವಿಡಿಯೊ 3840 × 2160. ಪರದೆಯಲ್ಲಿ ಎತ್ತರಕ್ಕೆ ಇರುವುದೇ 1080 ಚುಕ್ಕಿ. ಹಾಗಾಗಿ ಫೋನ್ ಈ ವಿಡಿಯೊವನ್ನು ಅರ್ಧಕ್ಕೆ ಇಳಿಸಲೇಬೇಕು. 2160ರ ಅರ್ಧ 1080. 3840ರ ಅರ್ಧ 1920. ಮತ್ತೆ ಅದೇ 480 ಮಿಕ್ಕಿತು. 720ರ ವಿಡಿಯೊ ಹಾಕಿದರೂ ಹೀಗೇ: 1280 × 720 ಅನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ 1920 × 1080. ಚಿತ್ರ ಸ್ವಲ್ಪ ಮಂಕಾಗಬಹುದು, ಪಟ್ಟಿ ಅಷ್ಟೇ ಇರುತ್ತದೆ.

ಹಳೇ ಮನೆಯ ಜಗಲಿ ನೆನಪಿಸಿಕೊಳ್ಳಿ. ಜಗಲಿ ಉದ್ದ ಇದೆ, ಜಮಖಾನ ಅಷ್ಟುದ್ದ ಇಲ್ಲ. ಹಾಸಿದರೆ ಎರಡೂ ತುದಿಯಲ್ಲಿ ನೆಲ ಕಾಣುತ್ತದೆ. ಅದೇ ಅಳತೆಯ ಜಮಖಾನವನ್ನು ಇನ್ನೂ ಸಣ್ಣ ನೂಲಿನಲ್ಲಿ, ಒತ್ತಾಗಿ ನೇಯಿಸಿ ತಂದರೆ ನೇಯ್ಗೆ ನುಣುಪಾಗುತ್ತದೆ, ನೆಲ ಕಾಣುವುದು ನಿಲ್ಲುವುದಿಲ್ಲ. ಎಷ್ಟು ಎಳೆ ಇದೆ ಅನ್ನುವುದು ರೆಸಲ್ಯೂಶನ್. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, ಅಂದರೆ ಅದರ ಆಕಾರ, ಆಸ್ಪೆಕ್ಟ್ ರೇಶಿಯೊ. ಪಟ್ಟಿ ಬರುವುದು ಆಕಾರ ಹೊಂದದೆ ಇದ್ದಾಗ ಮಾತ್ರ.

ಆಕಾರ ತಿಳಿಯಲು ದೊಡ್ಡ ಸಂಖ್ಯೆಯನ್ನು ಸಣ್ಣದರಿಂದ ಭಾಗಿಸಿದರೆ ಆಯಿತು. 1920ನ್ನು 1080ರಿಂದ ಭಾಗಿಸಿದರೆ 1.78. 3840ನ್ನು 2160ರಿಂದ ಭಾಗಿಸಿದರೂ 1.78. ಇದನ್ನೇ 16:9 ಅನ್ನುತ್ತಾರೆ. ಭಾವನ ಪರದೆ 2400ನ್ನು 1080ರಿಂದ ಭಾಗಿಸಿದರೆ 2.22. ಇದು 20:9. ಎರಡು ಉತ್ತರ ಒಂದೇ ಆಗಿದ್ದರೆ ಪಟ್ಟಿ ಇಲ್ಲ. ಬೇರೆ ಆಗಿದ್ದರೆ ಇದ್ದೇ ಇದೆ. ಫೋನಿನ ಸೆಟ್ಟಿಂಗ್‌ನಲ್ಲಿ ಕಾಣುವ 1080p ಅನ್ನುವ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ, ಯಾಕೆಂದರೆ ಅದು ಒಂದು ಕಡೆಯ ಅಳತೆ ಮಾತ್ರ ಹೇಳುತ್ತದೆ. ಫೋನ್ ಡಬ್ಬಿಯ ಮೇಲೆ FHD+ ಅಂತ ಬರೆದಿರುತ್ತದಲ್ಲ, ಆ ಕೂಡು ಗುರುತಿನ ಅರ್ಥ ಸಾಮಾನ್ಯವಾಗಿ ಇಷ್ಟೇ: ಒಂದು ಕಡೆ 1080 ಇದೆ, ಇನ್ನೊಂದು ಕಡೆ 1920ಕ್ಕಿಂತ ಜಾಸ್ತಿ ಇದೆ.

"ಹಾಗಾದ್ರೆ ಫೋನನ್ನೇ 16:9 ಮಾಡಬಾರದಿತ್ತಾ?" ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲು ಹಾಗೇ ಇತ್ತು. 2017ಕ್ಕೆ ಮುಂಚಿನ ಬಹುಪಾಲು ಸ್ಮಾರ್ಟ್‌ಫೋನ್‌ಗಳ ಪರದೆ 16:9. ಆ ವರ್ಷ ಎಲ್‌ಜಿ ಜಿ6 18:9ರಲ್ಲಿ ಬಂತು, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8 18.5:9ರಲ್ಲಿ ಬಂತು, ವರ್ಷದ ಕೊನೆಗೆ ಐಫೋನ್ ಎಕ್ಸ್ 19.5:9ರಲ್ಲಿ ಬಂತು. ಆಮೇಲೆ ಎಲ್ಲರೂ ಉದ್ದಕ್ಕೇ ಬೆಳೆಸಿದರು.

ಯಾಕೆ ಉದ್ದಕ್ಕೆ? ನಮ್ಮ ಅಂಗೈ ದೊಡ್ಡದಾಗುವುದಿಲ್ಲವಲ್ಲ. 5.5 ಇಂಚಿನ 16:9 ಪರದೆಯ ಅಗಲ ಸುಮಾರು 6.8 ಸೆಂಟಿಮೀಟರ್. 6.5 ಇಂಚಿನ 20:9 ಪರದೆಯ ಅಗಲವೂ ಹೆಚ್ಚುಕಮ್ಮಿ ಅಷ್ಟೇ, 6.8 ಸೆಂಟಿಮೀಟರ್. ಇಂಚಿನ ಲೆಕ್ಕದಲ್ಲಿ ದೊಡ್ಡ ಫೋನ್ ಅನ್ನಿಸಿಕೊಳ್ಳುತ್ತದೆ, ಕೈಯಲ್ಲಿ ಹಿಡಿದರೆ ಹಳೆಯದರಂತೆಯೇ ಕೂರುತ್ತದೆ. ಸಂದೇಶ ಓದುವಾಗ, ಸುದ್ದಿ ಮೇಲಕ್ಕೆ ತಳ್ಳುವಾಗ ಈ ಉದ್ದ ಒಳ್ಳೆಯದೇ. ಆದರೆ 16:9 ವಿಡಿಯೊ ನೋಡುವವರಿಗೆ ಇದರಲ್ಲಿ ಒಂದು ಮೋಸ ಇದೆ. ಭಾವನ 6.5 ಇಂಚಿನ ಫೋನಿನಲ್ಲಿ ಹಳೇಬೀಡಿನ ಗೋಡೆ ಕಾಣುವುದು ಸುಮಾರು 5.4 ಇಂಚಿನಷ್ಟು ದೊಡ್ಡದಾಗಿ. ಅವರ ಹಳೇ 5.5 ಇಂಚಿನ ಫೋನಿನಲ್ಲೂ ಅಷ್ಟೇ ಕಾಣುತ್ತಿತ್ತು. ಹೆಚ್ಚಿಗೆ ದುಡ್ಡು ಕೊಟ್ಟು ತಂದ ಒಂದು ಇಂಚು ಪೂರ್ತಿ ಕಪ್ಪು ಪಟ್ಟಿಗೇ ಹೋಯಿತು! ಇದನ್ನು ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫೋನ್ ಉದ್ದವಾದರೂ ವಿಡಿಯೊ 16:9ರಲ್ಲೇ ನಿಂತಿದ್ದು ಟಿವಿಯಿಂದ. ಹಳೇ ಡಬ್ಬಾ ಟಿವಿ 4:3 ಆಕಾರದ್ದು. ಸಿನಿಮಾದವರ ಪರದೆಗಳು ಒಂದೊಂದು ಅಳತೆ: ಕೆಲವು 1.85, ಸಿನಿಮಾಸ್ಕೋಪ್ ಆದರೆ 2.35. 1980ರ ದಶಕದಲ್ಲಿ ಹೊಸ ಟಿವಿಯ ಆಕಾರ ಏನಿರಬೇಕು ಎಂಬ ಚರ್ಚೆ ನಡೆದಾಗ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಒಂದು ಸರಳ ಕೆಲಸ ಮಾಡಿದರು. ಈ ಎಲ್ಲ ಆಕಾರಗಳನ್ನು ಒಂದೇ ವಿಸ್ತೀರ್ಣಕ್ಕೆ ತಂದು, ನಡು ಕೂಡಿಸಿ ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಒಳಗೆ ಹಿಡಿಯುವ ಹೊರ ಚೌಕಟ್ಟಿನ ಆಕಾರ ಸುಮಾರು 1.77 ಬಂತು. ಎಲ್ಲದಕ್ಕೂ ಪಾಲಿರುವ ಒಳ ಚೌಕಟ್ಟೂ 1.77 ಬಂತು. ಅದೇ 16:9.

ಅಂದರೆ 16:9 ಹುಟ್ಟಿದ್ದೇ ರಾಜಿ ಪಂಚಾಯ್ತಿಯಲ್ಲಿ. ಯಾರಿಗೂ ಪೂರ್ತಿ ಹೊಂದುವುದಿಲ್ಲ, ಯಾರಿಗೂ ಜಾಸ್ತಿ ನಷ್ಟವಿಲ್ಲ, ಎಲ್ಲರಿಗೂ ಒಂದಿಷ್ಟು ಕಪ್ಪು ಪಟ್ಟಿ. ಆಮೇಲೆ ಟಿವಿ, ಕಂಪ್ಯೂಟರ್ ಪರದೆ, ಕ್ಯಾಮೆರಾ ಎಲ್ಲವೂ ಇದಕ್ಕೇ ಒಗ್ಗಿಕೊಂಡವು. ಫೋನ್ ಕ್ಯಾಮೆರಾ ಕೂಡ ಬೇರೆ ಏನೂ ಹೇಳದಿದ್ದರೆ ವಿಡಿಯೊವನ್ನು 16:9ರಲ್ಲೇ ತೆಗೆಯುತ್ತದೆ.

ಪಟ್ಟಿ ತೆಗೆಯುವ ದಾರಿ ಇಲ್ಲವೇ? ಇದೆ. ವಿಡಿಯೊ ಓಡುವಾಗ ಎರಡು ಬೆರಳಿಟ್ಟು ಅಗಲಿಸಿದರೆ ಬಹಳ ಪ್ಲೇಯರ್‌ಗಳಲ್ಲಿ ಚಿತ್ರ ಹಿಗ್ಗಿ ಪರದೆ ತುಂಬುತ್ತದೆ. ಭಾವನಿಗೆ ಮಾಡಿ ತೋರಿಸಿದೆ. ಮುಖ ಅರಳಿತು. "ಇಷ್ಟೇನಾ!" ಅಂದರು. ನಾನು ಸುಮ್ನೆ ಇರಬಹುದಿತ್ತು. ಆದರೆ ಗೋಡೆಯ ಕೆಳಸಾಲು ನೋಡಿ ಅಂದೆ.

ಹೊಯ್ಸಳೇಶ್ವರದ ಗೋಡೆ ನೋಡಿದವರಿಗೆ ಗೊತ್ತು, ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು. ಅದರ ಮೇಲೆ ಉಳಿದ ಸಾಲುಗಳು. ಭಾವ ವಿಡಿಯೊ ತೆಗೆಯುವಾಗ ಆನೆಗಳು ಚಿತ್ರದ ಕೆಳ ಅಂಚಿಗೆ ಸರಿಯಾಗಿ ಕೂರುವ ಹಾಗೆ ಹಿಡಿದಿದ್ದರು. ಈಗ ಪರದೆ ತುಂಬಿದೆ, ಆನೆಗಳಿಗೆ ಕಾಲೇ ಇಲ್ಲ.

ಲೆಕ್ಕ ಹೀಗೆ. 1920 ಇರುವ ಅಗಲ 2400 ಆಗಬೇಕಾದರೆ ಚಿತ್ರವನ್ನು ಒಂದೂಕಾಲು ಪಟ್ಟು ಹಿಗ್ಗಿಸಬೇಕು. ಎತ್ತರವೂ ಜೊತೆಗೇ ಹಿಗ್ಗಿ 1080 ಇದ್ದದ್ದು 1350 ಆಗುತ್ತದೆ. ಪರದೆಯಲ್ಲಿ ಜಾಗ ಇರುವುದು 1080ಕ್ಕೆ. ಉಳಿದ 270 ಸಾಲು, ಮೇಲೆ 135, ಕೆಳಗೆ 135, ಪರದೆಯ ಆಚೆ ಹೋಗುತ್ತದೆ. ನೂರರಲ್ಲಿ ಇಪ್ಪತ್ತು ಭಾಗ ಚಿತ್ರ ಹೋಯಿತು. ದೊಡ್ಡ ಜಮಖಾನ ತಂದು ಹಾಸಿದಂತೆ ಇದು. ಉದ್ದಕ್ಕೆ ಸರಿಹೋಯಿತು, ಅಗಲದ ಅಂಚನ್ನು ಮಡಿಸಿ ಕೆಳಗೆ ತುರುಕಬೇಕಾಯಿತು. ಒಂದು ಸಮಾಧಾನ ಏನೆಂದರೆ ಕತ್ತರಿ ಬೀಳುವುದು ನೋಡುವಾಗ ಮಾತ್ರ. ಫೈಲಿನಲ್ಲಿ ಆನೆಯ ಕಾಲು ಇದ್ದೇ ಇರುತ್ತದೆ, ಬೆರಳು ಕೂಡಿಸಿದರೆ ವಾಪಸ್ ಬರುತ್ತದೆ.

ಇನ್ನೊಂದು ದಾರಿ ಎಳೆಯುವುದು. ಅಗಲ ಮಾತ್ರ ಹಿಗ್ಗಿಸಿ ಎತ್ತರ ಹಾಗೇ ಬಿಡುವುದು. ಕೆಲವು ಪ್ಲೇಯರ್‌ಗಳಲ್ಲಿ ಈ ಆಯ್ಕೆ ಇದೆ. ಎಲ್ಲರ ಮುಖವೂ ಕಾಲು ಭಾಗ ದಪ್ಪ ಕಾಣುತ್ತದೆ. ಇದರ ಬಗ್ಗೆ ಇಷ್ಟು ಸಾಕು.

"ತೆಗೆಯುವಾಗಲೇ ಫುಲ್ ಅಂತ ಇಟ್ಟುಕೊಂಡು ತೆಗೆದ್ರೆ?" ಅಂತ ಅಕ್ಕನ ಮಗ ಕೇಳಿದ. ಅವನು ಹತ್ತನೇ ಕ್ಲಾಸು, ನಮ್ಮಿಬ್ಬರಿಗಿಂತ ಫೋನ್ ಚೆನ್ನಾಗಿ ಗೊತ್ತು. ಕೆಲವು ಫೋನ್‌ಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ವಿಡಿಯೊಗೆ 16:9 ಜೊತೆಗೆ Full ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದರೆ ವಿಡಿಯೊ 2400 × 1080ರಲ್ಲೇ ದಾಖಲಾಗುತ್ತದೆ. ಆ ಫೋನಿನಲ್ಲಿ ನೋಡಿದರೆ ಪಟ್ಟಿ ಇಲ್ಲ, ಸರಿ.

ಆದರೆ ಆ ಹೆಚ್ಚಿನ ಅಗಲ ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಬಹುಪಾಲು ಫೋನ್‌ಗಳಲ್ಲಿ 4:3 ಆಕಾರದ್ದು. ಉದಾಹರಣೆಗೆ 12 ಮೆಗಾಪಿಕ್ಸೆಲ್ ಅಂದರೆ 4000 × 3000. ಫೋಟೋ ತೆಗೆದರೆ ಅಷ್ಟೂ ಬಳಕೆಯಾಗುತ್ತದೆ. 16:9 ವಿಡಿಯೊಗೆ ಮೇಲೆ ಕೆಳಗೆ ಬಿಟ್ಟು ನಡುವಿನ 4000 × 2250 ಭಾಗ ಸಾಕು. 20:9 ಬೇಕೆಂದರೆ 4000 × 1800. ಅಗಲ ಮೂರಕ್ಕೂ ಅದೇ 4000! ಸೆನ್ಸರ್ ಅಗಲಕ್ಕೆ ಬೆಳೆಯಲಾರದು. ಹಾಗಾಗಿ ಫುಲ್ ಅಂದರೆ ಜಾಸ್ತಿ ಅಗಲ ಅಲ್ಲ, ಕಮ್ಮಿ ಎತ್ತರ. 2250ರಿಂದ 1800ಕ್ಕೆ ಇಳಿದಿದ್ದು ಎಷ್ಟು? ಮತ್ತೆ ಅದೇ ನೂರಕ್ಕೆ ಇಪ್ಪತ್ತು.

ಬೆರಳು ಅಗಲಿಸಿ ನೋಡಿದಾಗ ಹೋದ ಆನೆಯ ಕಾಲು ಇಲ್ಲೂ ಹೋಯಿತು. ವ್ಯತ್ಯಾಸ ಒಂದೇ, ಈ ಸಲ ಅದು ಫೈಲಿನಲ್ಲೇ ಇಲ್ಲ. ವಾಪಸ್ ತರಲು ಆಗುವುದಿಲ್ಲ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಾವು ಮಾಡಿದೆವು. ಫೋನನ್ನು ಅಡ್ಡವಾಗಿ ಒಂದು ಡಬ್ಬಕ್ಕೆ ಒರಗಿಸಿ, ಎದುರಿನ ಬಾಗಿಲ ಕಡೆ ತಿರುಗಿಸಿಟ್ಟೆವು. 16:9ರಲ್ಲಿ ಹತ್ತು ಸೆಕೆಂಡ್ ತೆಗೆದು, ಫೋನ್ ಕದಲಿಸದೆ ಫುಲ್‌ಗೆ ಬದಲಾಯಿಸಿ ಇನ್ನೊಂದು ಹತ್ತು ಸೆಕೆಂಡ್ ತೆಗೆದೆವು. ಎರಡರಲ್ಲೂ ಎಡಬಲದ ಅಂಚಿನಲ್ಲಿ ಕಂಡಿದ್ದು ಒಂದೇ: ಎಡಕ್ಕೆ ಕ್ಯಾಲೆಂಡರ್, ಬಲಕ್ಕೆ ಕೊಡೆ ನೇತುಹಾಕುವ ಮೊಳೆ. ಆದರೆ ಬಾಗಿಲ ಮೇಲಿನ ತೋರಣ ಮೊದಲನೆಯದರಲ್ಲಿ ಇತ್ತು, ಎರಡನೆಯದರಲ್ಲಿ ಇರಲಿಲ್ಲ.

ಈ ಫುಲ್ ವಿಡಿಯೊಗೆ ಇನ್ನೊಂದು ತಕರಾರೂ ಇದೆ. ಮನೆಯ ಟಿವಿ 16:9. ಅದರಲ್ಲಿ ಹಾಕಿದರೆ 2400 ಅಗಲವನ್ನು 1920ಕ್ಕೆ ಕುಗ್ಗಿಸಬೇಕು. ಎತ್ತರ 864ಕ್ಕೆ ಇಳಿಯುತ್ತದೆ. ಮೇಲೆ 108, ಕೆಳಗೆ 108 ಸಾಲು ಕಪ್ಪು. ಫೋನಿನಲ್ಲಿ ಓಡಿಸಿದ ಪಟ್ಟಿ ಟಿವಿಯಲ್ಲಿ ಬಂದು ಕೂತಿತು. ಹಾಗಾಗಿ ನನ್ನ ಮಟ್ಟಿಗೆ 16:9ರಲ್ಲೇ ತೆಗೆದು, ಬೇಕಾದಾಗ ಬೆರಳು ಅಗಲಿಸಿ ನೋಡುವುದೇ ಸರಿ. ಫುಲ್ ಇಡುವುದು ಆ ವಿಡಿಯೊ ಯಾವತ್ತೂ ಇಂಥದ್ದೇ ಫೋನ್ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಅಂತ ಖಾತ್ರಿ ಇದ್ದಾಗ.

4ಕೆ ಕೂಡ ದಂಡ ಅಂತಲ್ಲ. ಟಿವಿ 4ಕೆ ಇದ್ದರೆ, ಆಮೇಲೆ ಒಂದು ಭಾಗ ದೊಡ್ಡದು ಮಾಡಿ ಎಡಿಟ್ ಮಾಡಬೇಕಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಫೋನ್ ಫೋನಿಗೂ ಬೇರೆಯಾದರೂ ಸಾಮಾನ್ಯವಾಗಿ ಒಂದು ನಿಮಿಷದ 1080p ವಿಡಿಯೊ ನೂರು ನೂರೈವತ್ತು ಎಂಬಿ ತಿಂದರೆ 4ಕೆ ಅದರ ಎರಡು ಮೂರು ಪಟ್ಟು ತಿನ್ನುತ್ತದೆ. ಪಟ್ಟಿ ಹೋಗಲಿ ಅಂತ ಮಾಡುವ ಖರ್ಚಂತೂ ಅದಲ್ಲ.

ಇಷ್ಟು ಹೊತ್ತು ಹೇಳಿದ್ದು ಪ್ಲೇಯರ್ ಹಾಕುವ ಪಟ್ಟಿಯ ಕತೆ. ಅದು ವಿಡಿಯೊದ ಒಳಗೆ ಇಲ್ಲ, ಖಾಲಿ ಉಳಿದ ಜಾಗ ಅಷ್ಟೇ. ನಿಜವಾಗಿ ಕಷ್ಟ ಕೊಡುವುದು ಇನ್ನೊಂದು ಬಗೆ, ವಿಡಿಯೊದೊಳಗೇ ಅಂಟಿಕೊಂಡಿರುವ ಪಟ್ಟಿ. ಅದು ಸಿಕ್ಕಿದ್ದು ಅಕ್ಕನ ಮಗನ ವಿಡಿಯೊದಲ್ಲಿ.

ಶ್ರವಣಬೆಳಗೊಳದಲ್ಲಿ ಅವನು ಗೊಮ್ಮಟನನ್ನು ಫೋನ್ ನಿಲ್ಲಿಸಿ ಹಿಡಿದು ತೆಗೆದಿದ್ದ. ಸುಮಾರು 57 ಅಡಿ ನಿಂತಿರುವ ಮೂರ್ತಿ, ಹಾಗೆ ಹಿಡಿಯುವುದೇ ಸರಿ. ಫೈಲು 1080 × 1920. ಪಾದದಿಂದ ತಲೆಯವರೆಗೆ ನಿಧಾನವಾಗಿ ಹೋಗಿ, ಕೊನೆಗೆ ಇಡೀ ಮೂರ್ತಿ ಚೌಕಟ್ಟು ತುಂಬಿ ನಿಲ್ಲುತ್ತದೆ. ಮನೆಗೆ ಬಂದು ಹಳೇಬೀಡಿನ ತುಣುಕು, ಇದು, ಇನ್ನೆರಡು ತುಣುಕು ಸೇರಿಸಿ ಒಂದು ಆ್ಯಪ್‌ನಲ್ಲಿ ಜೋಡಿಸಿದ. ಮೊದಲು ಹಾಕಿದ್ದು ಹಳೇಬೀಡಿನದು, ಅದು ಅಡ್ಡ ವಿಡಿಯೊ. ಹಾಗಾಗಿ ಆ್ಯಪ್ ಇಡೀ ಕೆಲಸವನ್ನೇ 1920 × 1080 ಅಂತ ಇಟ್ಟುಕೊಂಡಿತು. ಹುಡುಗ ಅದನ್ನು ಗಮನಿಸಲಿಲ್ಲ. ಹಾಡು ಹಾಕಿ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ.

ಅಕ್ಕ ಫೋನ್ ನಿಲ್ಲಿಸಿಯೇ ಹಿಡಿದು ನೋಡಿದಳು. "ಎಷ್ಟು ಸಣ್ಣಗಿದೆಯೋ ಇದು, ಗೊಮ್ಮಟ ಎಲ್ಲಿ?" ಅಂದಳು. ನಾಲ್ಕೂ ಕಡೆ ಕಪ್ಪು, ನಡುವೆ ಒಂದು ಪುಟ್ಟ ಕಿಟಕಿ.

ಆಗಿದ್ದು ಎರಡು ಸಲದ ಕುಗ್ಗುವಿಕೆ. ಮೊದಲನೆಯದು ಆ್ಯಪ್‌ನಲ್ಲಿ. 1920 ಎತ್ತರದ ಗೊಮ್ಮಟ 1080 ಎತ್ತರದ ಅಡ್ಡ ಚೌಕಟ್ಟಿಗೆ ಹಿಡಿಸಬೇಕು. ಹಾಗಾಗಿ ಅಗಲ 1080 ಇದ್ದದ್ದು ಸುಮಾರು 608ಕ್ಕೆ ಬಂತು. ಎಡಕ್ಕೆ 656, ಬಲಕ್ಕೆ 656 ಚುಕ್ಕಿ ಖಾಲಿ. ಆ್ಯಪ್ ಅಲ್ಲಿ ಕಪ್ಪು ಬಣ್ಣ ತುಂಬಿ, ಅದನ್ನೂ ಚಿತ್ರದ ಭಾಗವಾಗಿಯೇ ಉಳಿಸಿತು. ಆಮೇಲೆ ಅದು ಬರೀ ಖಾಲಿ ಜಾಗ ಅಲ್ಲ. ಆನೆ ಹೇಗೆ ಚಿತ್ರವೋ ಆ ಕಪ್ಪೂ ಹಾಗೆಯೇ ಚಿತ್ರ.

ಎರಡನೆಯದು ಅಕ್ಕನ ಫೋನಿನಲ್ಲಿ. 1920 ಅಗಲದ ಚೌಕಟ್ಟನ್ನು ನಿಂತ ಫೋನಿನ 1080 ಅಗಲಕ್ಕೆ ತಂದಾಗ ಎತ್ತರ ಸುಮಾರು 608 ಆಯಿತು. 2400 ಎತ್ತರದ ಪರದೆಯಲ್ಲಿ ಉಳಿದದ್ದು ಮೇಲೆ ಕೆಳಗೆ ಕಪ್ಪು. ಒಳಗಿನ ಗೊಮ್ಮಟನ ಅಗಲವೂ ಅದೇ ಲೆಕ್ಕದಲ್ಲಿ ಇಳಿದು 342ಕ್ಕೆ ಬಂತು. ಅಂದರೆ 1080 × 2400 ಪರದೆಯಲ್ಲಿ 342 × 608. ನೂರಕ್ಕೆ ಎಂಟು ಭಾಗ! ಸ್ಕೇಲ್ ಇಟ್ಟು ನೋಡಿದೆ, ಅಗಲ ಎರಡು ಸೆಂಟಿಮೀಟರ್ ಚಿಲ್ಲರೆ, ಎತ್ತರ ನಾಲ್ಕಕ್ಕೆ ಸ್ವಲ್ಪ ಕಮ್ಮಿ. ಬೆಟ್ಟದ ಮೇಲಿನ ಗೊಮ್ಮಟ ಅಂಚೆ ಚೀಟಿಯಷ್ಟಾಗಿದ್ದ.

ಪಟ್ಟಿ ಯಾವ ಬಗೆಯದು ಎಂದು ತಿಳಿಯುವುದು ಸುಲಭ. ಗ್ಯಾಲರಿಯಲ್ಲಿ ಆ ವಿಡಿಯೊದ ವಿವರ ತೆರೆದರೆ ಅಳತೆ ಬರೆದಿರುತ್ತದೆ. ಕಣ್ಣಿಗೆ ಕಾಣುವ ಚಿತ್ರ ನಿಂತಿದೆ, ವಿವರದಲ್ಲಿ 1920 × 1080 ಅಂತಿದೆ. ಎರಡೂ ತಾಳೆಯಾಗದಿದ್ದರೆ ಪಟ್ಟಿ ಒಳಗೇ ಇದೆ ಅಂತ ಅರ್ಥ. ಒಂದು ಎಚ್ಚರ: ಕೆಲವು ಫೋನ್‌ಗಳು ನಿಲ್ಲಿಸಿ ತೆಗೆದ ವಿಡಿಯೊವನ್ನೂ 1920 × 1080 ಅಂತಲೇ ಬರೆದು, "ತೋರಿಸುವಾಗ 90 ಡಿಗ್ರಿ ತಿರುಗಿಸು" ಎಂಬ ಗುರುತು ಜೊತೆಗೆ ಇಡುತ್ತವೆ. ಆದ್ದರಿಂದ ಫೋನ್ ತಿರುಗಿಸಿಯೂ ನೋಡಿ. ಅಡ್ಡ ಹಿಡಿದರೂ ನಿಲ್ಲಿಸಿ ಹಿಡಿದರೂ ಚಿತ್ರದ ಎಡಬಲಕ್ಕೆ ಕಪ್ಪು ಅಂಟಿಕೊಂಡೇ ಬಂದರೆ ಅದು ಒಳಗಿನದು. ಫೋನ್ ನಿಲ್ಲಿಸಿದ ತಕ್ಷಣ ಚಿತ್ರ ಅಗಲ ಪೂರ್ತಿ ತುಂಬಿದರೆ ಪ್ಲೇಯರ್‌ನದು.

ಎಡಕ್ಕೆ ಒಂದಿಷ್ಟು, ಬಲಕ್ಕೆ ಬೇರೆಯಷ್ಟು ಕಪ್ಪು ಕಂಡರೆ ಸಾಮಾನ್ಯವಾಗಿ ಅದು ಈ ಎರಡೂ ಅಲ್ಲ. ಮುಂಬದಿಯ ಕ್ಯಾಮೆರಾ ತೂತಿನ ಮೇಲೆ ಚಿತ್ರ ಬಾರದಿರಲಿ ಅಂತ ಫೋನ್ ಆ ಕಡೆಯ ಅಂಚನ್ನು ಬಿಟ್ಟಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು, ತೂತು ಮಾತ್ರ ಚಿತ್ರದ ಮೇಲೆ ಕೂರುತ್ತದೆ.

ಗೊಮ್ಮಟನ ವಿಡಿಯೊಗೆ ಬರೋಣ. ಒಳಗಿನ ಪಟ್ಟಿಯನ್ನು ಕತ್ತರಿಸಬಹುದು. ಫೋನಿನ ಎಡಿಟರ್‌ನಲ್ಲಿ ಕ್ರಾಪ್ ಒತ್ತಿ 9:16 ಆರಿಸಿದರೂ ಆಗುತ್ತದೆ. ನಾನು ಲ್ಯಾಪ್‌ಟಾಪ್‌ನಲ್ಲಿ ಆ ತುಣುಕನ್ನಷ್ಟೇ ಬೇರೆ ಮಾಡಿಕೊಂಡು `ffmpeg` ಎಂಬ ವಿಡಿಯೊ ತಂತ್ರಾಂಶ ಬಳಸಿದೆ. ಮೊದಲು ಕಪ್ಪು ಎಲ್ಲಿಯವರೆಗೆ ಇದೆ ಎಂದು ಅದರಿಂದಲೇ ಕೇಳಿಸಿದೆ:

```
ffmpeg -i gommata.mp4 -vf cropdetect=round=2 -f null -
```

ಓಡುತ್ತಾ ಓಡುತ್ತಾ `crop=608:1080:656:0` ಅಂತ ಸಾಲು ಸಾಲಾಗಿ ಬಂತು. ಅಗಲ 608, ಎತ್ತರ 1080, ಎಡದಿಂದ 656 ಚುಕ್ಕಿ ಬಿಟ್ಟು ಶುರು ಎಂದು ಅರ್ಥ. ನಾವು ಕೈಯಲ್ಲಿ ಹಾಕಿದ ಲೆಕ್ಕವೇ. ಅದನ್ನೇ ಕೊಟ್ಟು ಕತ್ತರಿಸಿದೆ:

```
ffmpeg -i gommata.mp4 -vf crop=608:1080:656:0 -c:a copy out.mp4
```

ವಿಡಿಯೊದಲ್ಲಿ ಕತ್ತಲೆಯ ದೃಶ್ಯ ಇದ್ದರೆ ಈ ಮೊದಲ ಹೆಜ್ಜೆ ಎಡವುತ್ತದೆ, ಕತ್ತಲನ್ನೂ ಪಟ್ಟಿ ಅಂದುಕೊಳ್ಳುತ್ತದೆ. ಬೆಟ್ಟದ ಮೇಲೆ ಮಧ್ಯಾಹ್ನದ ಬಿಸಿಲಿತ್ತು, ನಮಗೆ ತೊಂದರೆ ಆಗಲಿಲ್ಲ.

ಪಟ್ಟಿ ಹೋಯಿತು. ಆದರೆ ಅಕ್ಕನ ಫೋನಿನಲ್ಲಿ ಹಾಕಿ ನೋಡಿದರೆ ಗೊಮ್ಮಟನ ಮುಖ ಸ್ವಲ್ಪ ಮಬ್ಬು. ಇಲ್ಲಿ ರೆಸಲ್ಯೂಶನ್ ಮತ್ತೆ ಮಾತಿಗೆ ಬರುತ್ತದೆ. ಮೂಲ ವಿಡಿಯೊದಲ್ಲಿ 1080 × 1920, ಇಪ್ಪತ್ತು ಲಕ್ಷಕ್ಕಿಂತ ಜಾಸ್ತಿ ಚುಕ್ಕಿ ಇತ್ತು. ಅಡ್ಡ ಚೌಕಟ್ಟಿಗೆ ತುರುಕಿದಾಗ ಉಳಿದದ್ದು 608 × 1080, ಆರೂವರೆ ಲಕ್ಷ. ಮೂರರಲ್ಲಿ ಒಂದು ಪಾಲಿಗೂ ಕಮ್ಮಿ. ಕತ್ತರಿಸಿದ ಮೇಲೆ ಆಕಾರ ಸರಿಯಾಯಿತು, ಕಳೆದುಹೋದ ಎಳೆ ವಾಪಸ್ ಬರಲಿಲ್ಲ. ಆಕಾರ ತಪ್ಪಿದ್ದಕ್ಕೆ ದಂಡ ಕಟ್ಟಿದ್ದು ರೆಸಲ್ಯೂಶನ್‌ನಲ್ಲಿ.

ಆಕಾರವನ್ನು ಯಾವಾಗಲೂ ಎರಡು ಸಂಖ್ಯೆ ಭಾಗಿಸಿಯೇ ತಿಳಿಯಬಹುದು ಅಂತಲೂ ಇಲ್ಲ. ಅಕ್ಕನ ಮದುವೆಯ ಡಿವಿಡಿ ಇದಕ್ಕೆ ಸಾಕ್ಷಿ. ನಮ್ಮ ಕಡೆಯ ಹಳೇ ಡಿವಿಡಿಗಳ ಚಿತ್ರ ಸಾಮಾನ್ಯವಾಗಿ 720 × 576. ಭಾಗಿಸಿದರೆ 1.25. ಆದರೆ ಅದು ತೋರಬೇಕಾದದ್ದು 4:3, ಅಂದರೆ 1.33. ಅದರ ಚುಕ್ಕಿಗಳು ಚೌಕ ಅಲ್ಲ, ಕೊಂಚ ಅಗಲ. ಅಷ್ಟೇ ಅಲ್ಲ, ಅದೇ 720 × 576 ಅನ್ನು ಇನ್ನೂ ಅಗಲಿಸಿ 16:9 ಆಗಿಯೂ ತೋರಿಸಬಹುದು. ಯಾವುದು ಎಂಬ ಗುರುತು ಫೈಲಿನೊಳಗೆ ಬೇರೆ ಇರುತ್ತದೆ. ಯಾರೋ ಆ ಡಿವಿಡಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವಾಗ ಈ ಗುರುತನ್ನು 16:9 ಮಾಡಿಬಿಟ್ಟಿದ್ದಾರೆ. ಟಿವಿಯಲ್ಲಿ ಪಟ್ಟಿ ಇಲ್ಲದೆ ತುಂಬಿ ಬರುತ್ತದೆ. ಆದರೆ ಮದುಮಗನಾಗಿ ಕೂತ ಭಾವ ಇರಬೇಕಾದದ್ದಕ್ಕಿಂತ ಮೂರನೇ ಒಂದು ಪಾಲು ದಪ್ಪ. ಎಷ್ಟೋ ವರ್ಷ ನಾವು ಅದನ್ನು ನೋಡಿ "ಆಗ ಭಾವ ಚೆನ್ನಾಗಿ ಮೈಕೈ ತುಂಬಿಕೊಂಡಿದ್ರು" ಅಂದುಕೊಂಡೇ ಇದ್ದೆವು. ಆ ವಿಡಿಯೊಗೆ ಎರಡೂ ಕಡೆ ಕಪ್ಪು ಪಟ್ಟಿ ಬರಬೇಕಿತ್ತು. ಬಾರದಿದ್ದದ್ದೇ ತಪ್ಪು.

ಹುಡುಗನಿಗೆ ಹೇಳಿದ್ದು ಇಷ್ಟು: ನಿಂತ ವಿಡಿಯೊವನ್ನು ಅಡ್ಡ ವಿಡಿಯೊ ಜೊತೆ ಸೇರಿಸುವ ಮೊದಲು ಇದನ್ನು ನೋಡುವವರು ಎಲ್ಲಿ ನೋಡುತ್ತಾರೆ ಅಂತ ಕೇಳಿಕೋ. ಟಿವಿಯಲ್ಲಾದರೆ 16:9 ಇಟ್ಟುಕೊಂಡು ಗೊಮ್ಮಟನ ಎರಡು ಕಡೆ ಪಟ್ಟಿ ಇರಲಿ ಬಿಡು, ಅದೇನೂ ತಪ್ಪಲ್ಲ. ಫೋನಿನಲ್ಲಾದರೆ ಎರಡನ್ನೂ ಬೇರೆ ಬೇರೆ ಕಳಿಸು. "ಹಾಗಾದ್ರೆ ಹಾಡು ಎರಡಕ್ಕೂ ಬೇರೆ ಬೇರೆ ಹಾಕಬೇಕಾ ಮಾಮ?" ಅಂದ. ಅದು ಅವನಿಗೆ ಬಿಟ್ಟಿದ್ದು.

ಅದೃಷ್ಟಕ್ಕೆ ಮೂಲ ವಿಡಿಯೊ ಅವನ ಫೋನಿನಲ್ಲಿ ಇನ್ನೂ ಇತ್ತು. ಅದನ್ನೇ ಸೀದಾ ಅಕ್ಕನ ಫೋನಿಗೆ ಹಾಕಿದೆವು. 1080 ಅಗಲಕ್ಕೆ 1080 ಸರಿಹೋಯಿತು, ಚಿತ್ರ ಪರದೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ ತುಂಬಿತು, ಗೊಮ್ಮಟ ಪಾದದಿಂದ ತಲೆಯವರೆಗೆ ನಿಂತ. ಭಾವ ಬಗ್ಗಿ ನೋಡಿ, "ಮೇಲೆ ಕೆಳಗೆ ಇನ್ನೂ ಕಪ್ಪು ಇದೆಯಲ್ಲೋ" ಅಂದರು. ಇತ್ತು. ಮೇಲೆ 240, ಕೆಳಗೆ 240. ಅಕ್ಕ ಪರದೆ ಒಮ್ಮೆ ಮುಟ್ಟಿದಳು. ಮೇಲಿನ ಕಪ್ಪಿನಲ್ಲಿ ಗಡಿಯಾರ, ಬ್ಯಾಟರಿ ಬಂದವು, ಕೆಳಗಿನದರಲ್ಲಿ ನಿಲ್ಲಿಸುವ ಗುಂಡಿ ಬಂತು.